ಮುಂಬೈಯಲ್ಲಿ ಜಾಮೀನು: ಠಾಣೆಯ ಮೆಟ್ಟಿಲಿನಿಂದ ಶ್ಯೂರಿಟಿ ಕಾಗದದವರೆಗೆ

ಕಾಂದಿವಲಿಯ ಒಂದು ಉಡುಪಿ ಹೋಟೆಲಿನ ಅಡುಗೆಮನೆ ಎಂದುಕೊಳ್ಳಿ. ಬೆಳಗಿನ ಒಂಬತ್ತರ ಗಡಿಬಿಡಿ. ತರಕಾರಿ ಹಾಕುವವನು ಹಳೆಯ ಬಾಕಿ ಕೇಳುತ್ತ ಸೀದಾ ಒಳಗೇ ಬಂದಿದ್ದಾನೆ. ಮಾತಿಗೆ ಮಾತು ಬೆಳೆದು ನೂಕಾಟ ಶುರುವಾಗಿ, ದೋಸೆ ಕಾವಲಿಯ ಮುಂದೆ ನಿಂತಿದ್ದ ಬೈಂದೂರಿನ ಹುಡುಗನ ಕೈಯಲ್ಲಿದ್ದ ಸಟ್ಟುಗ ತರಕಾರಿಯವನ ಮುಂಗೈಗೆ ತಾಗುತ್ತದೆ. ನಾಲ್ಕು ಬೆರಳಿನಷ್ಟು ಉದ್ದದ ಸುಟ್ಟ ಗಾಯ. ಸಂಜೆ ಠಾಣೆಯಿಂದ ಫೋನು ಬರುತ್ತದೆ. ಹುಡುಗ ಗಲ್ಲಾದ ಹತ್ತಿರ ಬಂದು, "ಧಣಿ, ನನ್ನನ್ನು ಒಳಗೆ ಹಾಕ್ತಾರಾ?" ಎಂದು ಕೇಳುತ್ತಾನೆ.

ಈ ಪ್ರಶ್ನೆಗೆ ಉತ್ತರ ಇರುವುದು ಜಗಳ ಎಷ್ಟು ಜೋರಾಗಿತ್ತು ಎನ್ನುವುದರಲ್ಲಿ ಅಲ್ಲ, ಠಾಣೆಯ ಕಾಗದದ ಮೇಲೆ ಯಾವ ಕಲಂ ಬಿತ್ತು ಎನ್ನುವುದರಲ್ಲಿ. ಈ ಒಂದೇ ಪ್ರಕರಣವನ್ನು ಹಿಡಿದು ಕೊನೆಯವರೆಗೆ ನಡೆದರೆ ಜಾಮೀನಿನ ಮುಖ್ಯ ದಾರಿಗಳೆಲ್ಲ ಕಾಣಿಸುತ್ತವೆ. ಹೆಸರು, ಹೋಟೆಲು ಎಲ್ಲ ಊಹೆ. ಕಲಂಗಳು ಮಾತ್ರ ನಿಜವಾದವು. 2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿವೆ. ಆದ್ದರಿಂದ ಇಲ್ಲಿ ಕೊಟ್ಟಿರುವುದು ಹೊಸ ಸಂಖ್ಯೆಗಳು.

ಮೊದಲು ಕಾಗದ ಕೈಗೆ ತೆಗೆದುಕೊಳ್ಳಿ

ವಕೀಲರಿಗೆ ಫೋನು ಮಾಡುವ ಮೊದಲೇ ತಿಳಿಯಬೇಕಾದದ್ದು ಒಂದು: ದಾಖಲಾಗಿರುವುದು ಎನ್‌ಸಿಯೋ, ಎಫ್‌ಐಆರೋ? ಎನ್‌ಸಿ ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಅದರಲ್ಲಿ ತನಿಖೆಯೂ ಇಲ್ಲ, ವಾರಂಟ್ ಇಲ್ಲದ ದಸ್ತಗಿರಿಯೂ ಇಲ್ಲ. ನಮ್ಮ ಹುಡುಗನ ಮೇಲೆ ಮೊದಲ ದಿನ ಬಿದ್ದದ್ದು ಬಿಎನ್‌ಎಸ್ 115(2), ಅಂದರೆ ಬೇಕೆಂದೇ ನೋವು ಮಾಡಿದ್ದು, ಮತ್ತು 352, ಅಂದರೆ ಜಗಳಕ್ಕೆ ಕೆರಳಿಸುವಂತೆ ಅವಮಾನ ಮಾಡಿದ್ದು. ಎರಡೂ ಎನ್‌ಸಿ, ಎರಡೂ ಜಾಮೀನು ಸಿಗುವಂಥವು. ಈ ಹಂತದಲ್ಲಿ ಠಾಣೆಗೆ ಕರೆದರೆ ಹೋಗಿ ಹೇಳಿಕೆ ಕೊಟ್ಟು ಬರುವುದಷ್ಟೇ ಕೆಲಸ.

ಎಫ್‌ಐಆರ್ ಆಗಿದ್ದರೆ ಅದರ ಪ್ರತಿ ಬೇಕೇ ಬೇಕು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಿದೆ. ಅಲ್ಲಿ ಸಿಗದಿದ್ದರೆ ಆರೋಪಿಯ ಪರವಾಗಿ ಅವನ ಮನೆಯವರೋ ವಕೀಲರೋ ಠಾಣೆಗೆ ಅರ್ಜಿ ಕೊಟ್ಟು ಪ್ರತಿ ಕೇಳಬಹುದು.

ಮಹಾರಾಷ್ಟ್ರದಲ್ಲಿ ಎಫ್‌ಐಆರ್ ಮರಾಠಿಯಲ್ಲಿರುತ್ತದೆ. ಓದಲು ಬಾರದೆಂದು ಯಾರೋ ಹೇಳಿದ್ದನ್ನು ನಂಬಿ ಕೂರುವುದು ನಮ್ಮವರು ಮಾಡುವ ದೊಡ್ಡ ತಪ್ಪು. ನಾಲ್ಕು ಮಾತು ಗೊತ್ತಿದ್ದರೆ ಅರ್ಧ ಕೆಲಸ ಆಗುತ್ತದೆ. 'ಅದಖಲ್‌ಪಾತ್ರ' ಎಂದರೆ ಎನ್‌ಸಿ, 'ದಖಲ್‌ಪಾತ್ರ' ಎಂದರೆ ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದಾದದ್ದು. 'ಜಾಮೀನ್‌ಪಾತ್ರ' ಎಂದರೆ ಜಾಮೀನು ಹಕ್ಕಾಗಿ ಸಿಗುವಂಥದ್ದು, 'ಅಜಾಮೀನ್‌ಪಾತ್ರ' ಎಂದರೆ ಜಾಮೀನುರಹಿತ. ಕಲಂ ಎಂಬ ಮಾತು ಎರಡೂ ಭಾಷೆಯಲ್ಲಿ ಒಂದೇ. ಅದರ ಮುಂದಿನ ಸಂಖ್ಯೆಗಳನ್ನು ಬರೆದುಕೊಂಡು, ಬಿಎನ್‌ಎಸ್‌ಎಸ್‌ನ ಕೊನೆಯಲ್ಲಿರುವ ಮೊದಲ ಪರಿಶಿಷ್ಟ ತೆರೆದು ನೋಡಿ. ಪ್ರತಿ ಕಲಮಿನ ಎದುರು ಶಿಕ್ಷೆ ಎಷ್ಟು, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದೇ, ಜಾಮೀನು ಉಂಟೇ, ಯಾವ ಕೋರ್ಟು ವಿಚಾರಿಸುತ್ತದೆ ಎಂದು ಕೋಷ್ಟಕದಲ್ಲಿ ಬರೆದಿದೆ. ವಕೀಲರೂ ಮೊದಲು ನೋಡುವುದು ಇದನ್ನೇ.

ಶಿಕ್ಷೆಯ ವರ್ಷ ನೋಡಿ ಜಾಮೀನು ಸಿಗುತ್ತದೋ ಇಲ್ಲವೋ ಎಂದು ಊಹಿಸಲು ಹೋಗಬೇಡಿ. ಕೈ ಮುರಿಯುವಷ್ಟು ಹೊಡೆದರೆ, ಅಂದರೆ ಕಲಂ 117(2)ಕ್ಕೆ, ಏಳು ವರ್ಷದವರೆಗೆ ಶಿಕ್ಷೆ ಇದ್ದರೂ ಅದು ಜಾಮೀನೀಯ. ಅಪಾಯಕಾರಿ ಸಾಧನದಿಂದ ಸಣ್ಣ ಗಾಯ ಮಾಡಿದರೂ ಸಾಕು, ಕಲಂ 118(1) ಬೀಳುತ್ತದೆ. ಅದಕ್ಕೆ ಮೂರೇ ವರ್ಷ ಶಿಕ್ಷೆ, ಆದರೆ ಅದು ಜಾಮೀನುರಹಿತ.

ಸಟ್ಟುಗ ಎಲ್ಲಿ ಕೆಲಸ ಕೆಡಿಸುತ್ತದೆ

ಮೂರನೇ ದಿನ ನಮ್ಮ ಪ್ರಕರಣ ತಿರುಗುವುದು ಇಲ್ಲೇ. 118(1) ಹೇಳುವ ಸಾಧನಗಳಲ್ಲಿ ಚೂರಿ, ಬಂದೂಕು ಮಾತ್ರ ಅಲ್ಲ, ಬೆಂಕಿ ಮತ್ತು ಕಾದ ವಸ್ತುವೂ ಸೇರಿವೆ. ಕಾವಲಿಯ ಮೇಲಿದ್ದ ಸಟ್ಟುಗ, ಬಾಣಲೆಯ ಎಣ್ಣೆ, ಕುದಿಯುವ ಸಾಂಬಾರು, ಎಲ್ಲವೂ ಈ ಮಾತಿನೊಳಗೆ ಬರಬಹುದು. ಸರಕಾರಿ ಆಸ್ಪತ್ರೆಯ ವೈದ್ಯರು ಪ್ರಮಾಣಪತ್ರದಲ್ಲಿ 'ಬಿಸಿ ವಸ್ತುವಿನಿಂದ ಸುಟ್ಟ ಗಾಯ' ಎಂದು ಬರೆದರೆ ಎನ್‌ಸಿ ಎಫ್‌ಐಆರ್ ಆಗುತ್ತದೆ, 115(2) ಇದ್ದಲ್ಲಿಗೆ 118(1) ಬರುತ್ತದೆ. ಹೀಗೆ ಆಮೇಲೆ ಕಲಂ ಸೇರಿಸುವುದಕ್ಕೆ ಇಲ್ಲಿನ ಠಾಣೆಗಳಲ್ಲಿ 'ಕಲಂವಾಢ' ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಅದೇ ದಿನ ವಕೀಲರ ಹತ್ತಿರ ಹೋಗಿ.

ಗಾಯ ಭಾರೀ ಸ್ವರೂಪದ್ದೆಂದು ಆದರೆ ಇನ್ನೂ ಮೇಲಿನ 118(2) ಬರುತ್ತದೆ. ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಭಾರೀ ಗಾಯ ಎಂದರೇನು ಎಂಬುದಕ್ಕೆ ಕಲಂ 116ರಲ್ಲಿ ಪಟ್ಟಿ ಇದೆ: ಮೂಳೆ ಅಥವಾ ಹಲ್ಲು ಮುರಿಯುವುದು, ಮುಖ ಶಾಶ್ವತವಾಗಿ ವಿರೂಪವಾಗುವುದು, ಹದಿನೈದು ದಿನ ತೀವ್ರ ನೋವಿನಿಂದ ನರಳುವುದು ಅಥವಾ ನಿತ್ಯದ ಕೆಲಸ ಮಾಡಲಾಗದಿರುವುದು, ಹೀಗೆ. ಹಳೆಯ ಕಾಯ್ದೆಯಲ್ಲಿ ಇಪ್ಪತ್ತು ದಿನ ಇದ್ದದ್ದು ಈಗ ಹದಿನೈದಕ್ಕೆ ಇಳಿದಿದೆ. ಆದ್ದರಿಂದ ಗಾಯಾಳು ಎಷ್ಟು ದಿನ ಆಸ್ಪತ್ರೆಯಲ್ಲಿದ್ದ, ಯಾವಾಗ ಮತ್ತೆ ಟೆಂಪೊ ಹತ್ತಿ ತರಕಾರಿ ಹಾಕಲು ಬಂದ ಎನ್ನುವುದು ಮುಂದೆ ಕೋರ್ಟಿನಲ್ಲಿ ಬೆಲೆಯುಳ್ಳ ಮಾತು. ಹೋಟೆಲಿನ ಸಿಸಿಟಿವಿಯ ಆ ದಿನದ ಚಿತ್ರಣವನ್ನು ಅಳಿಸಿ ಹೋಗುವ ಮುನ್ನ ತೆಗೆದಿಡಿ. ನಮ್ಮ ಹುಡುಗನಿಗೂ ಪೆಟ್ಟಾಗಿದ್ದರೆ ಅವನನ್ನೂ ಅದೇ ದಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಕಾಗದ ಮಾಡಿಸಿ. ವಾರ ಕಳೆದು ಮಾಡಿಸಿದ ಕಾಗದವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜಾಮೀನೀಯವಾದರೆ: ಠಾಣೆಯಲ್ಲೇ ಮುಗಿಯಬೇಕು

ಕಲಮುಗಳೆಲ್ಲ ಜಾಮೀನೀಯವಾಗಿದ್ದರೆ ಬಿಎನ್‌ಎಸ್‌ಎಸ್ 478ರ ಪ್ರಕಾರ ಜಾಮೀನು ಹಕ್ಕು. ಕೊಡುವುದು, ಬಿಡುವುದು ಠಾಣಾಧಿಕಾರಿಯ ಮರ್ಜಿಗೆ ಬಿಟ್ಟದ್ದಲ್ಲ. ಆರೋಪಿ ಜಾಮೀನು ಕೊಡಲು ಸಿದ್ಧನಿದ್ದರೆ ಠಾಣೆಯಿಂದಲೇ ಬಿಡಬೇಕು. ವಾರಂಟ್ ಇಲ್ಲದೆ ಹಿಡಿದಾಗ ಈ ಹಕ್ಕು ಇದೆ ಎಂದು ಆರೋಪಿಗೆ ಹೇಳುವುದೂ ಪೊಲೀಸರದೇ ಕರ್ತವ್ಯ.

ಹೋಗುವಾಗ ಆರೋಪಿಯ ಆಧಾರ್ ಪ್ರತಿ, ಒಬ್ಬ ಶ್ಯೂರಿಟಿ, ಅಂದರೆ ಅವನಿಗಾಗಿ ಹೊಣೆ ನಿಲ್ಲುವವರು, ಶ್ಯೂರಿಟಿಯ ಗುರುತು ಮತ್ತು ವಿಳಾಸದ ಪ್ರತಿಗಳು, ಇಬ್ಬರದೂ ಫೋಟೊ ಇರಲಿ. "ನಾಳೆ ಕೋರ್ಟಿಗೆ ಬನ್ನಿ, ಇವತ್ತು ರಾತ್ರಿ ಇಲ್ಲೇ ಇರಲಿ" ಎಂದರೆ ಕಲಂ 478ರ ಹೆಸರು ಹೇಳಿ, ಠಾಣೆಯಲ್ಲೇ ಜಾಮೀನು ಕೊಡಿ ಎಂದು ಲಿಖಿತ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಕೇಳುವಾಗಲೇ ಎಷ್ಟೋ ಸಲ ಮಾತು ಬದಲಾಗುತ್ತದೆ. ಶ್ಯೂರಿಟಿ ಸಿಗದ ಬಡವನಾದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ದಸ್ತಗಿರಿಯಾಗಿ ಒಂದು ವಾರವಾದರೂ ಶ್ಯೂರಿಟಿ ಕೊಡಲಾಗದಿದ್ದವನನ್ನು ಕಾನೂನು ಬಡವನೆಂದೇ ಊಹಿಸುತ್ತದೆ.

ಜಾಮೀನೀಯ ಕಲಂಗೆ ನಿರೀಕ್ಷಣಾ ಜಾಮೀನಿನ ಅರ್ಜಿ ಹಾಕಿಸುವವರು ಇದ್ದಾರೆ. ಅದು ಬರೀ ಹಣದ ಖರ್ಚು. ಜಾಮೀನುರಹಿತ ಅಪರಾಧದಲ್ಲಿ ದಸ್ತಗಿರಿಯ ಭಯ ಇದ್ದರೆ ಮಾತ್ರ ಆ ಅರ್ಜಿ ನಡೆಯುತ್ತದೆ.

ಜಾಮೀನುರಹಿತ ಎಂದರೆ ಜಾಮೀನು ಇಲ್ಲ ಎಂದಲ್ಲ

ಈ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಜಾಮೀನುರಹಿತ ಎಂದರೆ ಹಕ್ಕಾಗಿ ಸಿಗದು, ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಎಂದಷ್ಟೇ. ಕೋರ್ಟು ನೋಡುವುದು ಮುಖ್ಯವಾಗಿ ಮೂರು ಸಂಗತಿ: ಇವನು ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುವುದೋ ಪುರಾವೆ ಅಳಿಸುವುದೋ ಮಾಡುತ್ತಾನೆಯೇ, ಹೊರಗಿದ್ದರೆ ಮತ್ತೆ ಇಂಥದೇ ಮಾಡುತ್ತಾನೆಯೇ. ಅದರ ಜೊತೆ ಆರೋಪ ಎಷ್ಟು ಗಂಭೀರ, ಹಿಂದೆ ಕೇಸು ಇದೆಯೇ ಎಂದು ತೂಗುತ್ತದೆ. ವಿಚಾರಣೆ ಮುಗಿಯುವ ಮೊದಲೇ ಶಿಕ್ಷೆ ಕೊಟ್ಟಂತೆ ಒಳಗಿಡುವುದು ಜಾಮೀನು ನಿರಾಕರಣೆಯ ಉದ್ದೇಶ ಅಲ್ಲ. ಜೈಲಲ್ಲ, ಜಾಮೀನೇ ಮೂಲ ನಿಯಮ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲೇ ಬರೆದಿದ್ದಾರೆ.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಜಾಮೀನುರಹಿತವಾಗಿದ್ದರೂ, ಪೊಲೀಸರು ಕಣ್ಣುಮುಚ್ಚಿ ದಸ್ತಗಿರಿ ಮಾಡುವಂತಿಲ್ಲ. ಯಾಕೆ ಬೇಕೇ ಬೇಕು ಎಂಬ ಕಾರಣ ಬರೆದಿಡಬೇಕು, ಇಲ್ಲವಾದರೆ ಬಿಎನ್‌ಎಸ್‌ಎಸ್ 35(3)ರ ನೋಟಿಸು ಕೊಟ್ಟು ಕರೆಯಬೇಕು. 118(1)ಕ್ಕೆ ಮೂರು ವರ್ಷ. ಆದ್ದರಿಂದ ನಮ್ಮ ಹುಡುಗನಿಗೆ ಮೊದಲು ಬರಬೇಕಾದದ್ದು ಈ ನೋಟಿಸೇ. ನೋಟಿಸಿಗೆ ತಕ್ಕಂತೆ ಹಾಜರಾಗುತ್ತಿರುವವರೆಗೆ, ಹೊಸ ಕಾರಣ ಬರೆಯದೆ ಅವನನ್ನು ಹಿಡಿಯುವಂತಿಲ್ಲ. ಹಾಜರಾಗದಿದ್ದರೆ ಆ ರಕ್ಷಣೆ ಹೋಯಿತು. ಹೆದರಿ ರಾತ್ರೋರಾತ್ರಿ ಊರಿಗೆ ಬಸ್ಸು ಹತ್ತಿಸಿ ಕಳಿಸುವುದು ಆದ್ದರಿಂದಲೇ ಎಲ್ಲಕ್ಕಿಂತ ಕೆಟ್ಟ ಸಲಹೆ. 'ಓಡಿಹೋಗುವವನು' ಎಂಬ ಮಾತಿಗೆ ನಾವೇ ಪುರಾವೆ ಮಾಡಿಕೊಟ್ಟಂತೆ.

ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಹಾಗೆಂದು ವಾಟ್ಸಾಪಿನಲ್ಲಿ ಬಂದದ್ದನ್ನು ಕಡೆಗಣಿಸಬೇಡಿ. ವಕೀಲರ ಮೂಲಕ ಲಿಖಿತ ಉತ್ತರ ಕೊಟ್ಟು, ಕಾಗದದ ನೋಟಿಸು ಕೇಳಿ, ಹಾಜರಾಗಲು ಸಿದ್ಧ ಎಂದು ಬರೆದಿಡಿ. ಠಾಣೆಗೆ ಹೋದ ಪ್ರತಿ ಸಲವೂ ದಿನಾಂಕ, ಸಮಯ, ಅಧಿಕಾರಿಯ ಹೆಸರು ಬರೆದುಕೊಳ್ಳಿ. ಒಂದು ಸಣ್ಣ ನೋಟ್‌ಬುಕ್ ಸಾಕು.

ನಿರೀಕ್ಷಣಾ ಜಾಮೀನು: ಯಾವಾಗ, ಎಲ್ಲಿ, ಹೇಗೆ

ನೋಟಿಸು ಕೊಡದೆ ಪೊಲೀಸರು ನೇರ ಹೋಟೆಲಿಗೆ, ರೂಮಿಗೆ ಹುಡುಕಿಕೊಂಡು ಬರುತ್ತಿದ್ದರೆ, ಅಥವಾ ಕಲಂವಾಢದಿಂದ 118(2) ಬರುವ ಸೂಚನೆ ಇದ್ದರೆ ಬಿಎನ್‌ಎಸ್‌ಎಸ್ 482ರ ಅರ್ಜಿಯ ಹೊತ್ತು ಬಂತು. ಕೋರ್ಟಿನಲ್ಲಿ ಇದನ್ನು 'ಅಟಕ್‌ಪೂರ್ವ ಜಾಮೀನ್' ಎನ್ನುತ್ತಾರೆ. ಇದರ ಉದ್ದೇಶ ಸರಳ. ದ್ವೇಷದಿಂದಲೋ ಹಣದ ವಸೂಲಿಗಾಗಿಯೋ ಹಾಕಿಸಿದ ದೂರಿನಲ್ಲಿ, ಅಥವಾ ವಶಕ್ಕೆ ತೆಗೆದುಕೊಂಡು ವಿಚಾರಿಸುವ ಅಗತ್ಯವೇ ಇಲ್ಲದ ಪ್ರಕರಣದಲ್ಲಿ, ಒಬ್ಬ ಮನುಷ್ಯ ನಾಲ್ಕು ದಿನವಾದರೂ ಲಾಕಪ್ಪಿನಲ್ಲಿ ಕೂರಬಾರದು. ಹಿಡಿದರೆ ಕೂಡಲೇ ಬಿಡಿ ಎಂದು ಕೋರ್ಟು ಮುಂಚಿತವಾಗಿ ಬರೆದುಕೊಡುತ್ತದೆ. ಎಫ್‌ಐಆರ್ ಆಗುವ ಮೊದಲೂ ಇದನ್ನು ಕೇಳಬಹುದು. ಆದರೆ ಹಿಡಿಯುತ್ತಾರೆಂಬ ಭಯಕ್ಕೆ ಗಟ್ಟಿಯಾದ ಆಧಾರ ತೋರಿಸಬೇಕು ಎಂದು 1980ರ ಸಂವಿಧಾನ ಪೀಠದ ತೀರ್ಪು ಹೇಳುತ್ತದೆ. 'ಯಾವ ಕೇಸು ಬಂದರೂ ಹಿಡಿಯಬೇಡಿ' ಎಂಬ ಸಾರಾಸಗಟು ಆದೇಶವನ್ನು ಯಾವ ಕೋರ್ಟೂ ಕೊಡುವುದಿಲ್ಲ.

ಈ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ನಡೆಯುವುದಿಲ್ಲ. ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟು ಬೇಕು. ಸೆಷನ್ಸಿನಿಂದ ಶುರು ಮಾಡುವುದು ವಾಡಿಕೆ. ಕಾಂದಿವಲಿಯ ಪ್ರಕರಣಕ್ಕೆ ದಿಂಡೋಶಿಯ ಸೆಷನ್ಸ್ ಕೋರ್ಟು, ಡೊಂಬಿವಲಿಯದಾದರೆ ಕಲ್ಯಾಣ, ಪುಣೆಯದಾದರೆ ಶಿವಾಜಿನಗರ. ಗಲಾಟೆ ನಡೆದ ಠಾಣೆ ಯಾವ ಕೋರ್ಟಿಗೆ ಸೇರಿದ್ದೆಂದು ಮೊದಲು ಖಚಿತ ಮಾಡಿಕೊಳ್ಳಿ. ಆರೋಪಿ ಎಲ್ಲಿ ವಾಸವಾಗಿದ್ದಾನೆ ಎನ್ನುವುದು ಇಲ್ಲಿ ಮುಖ್ಯವಲ್ಲ.

ಅರ್ಜಿಯ ಜೊತೆ ವಕಾಲತ್ತುನಾಮೆ, ಅಫಿಡವಿಟ್, ಎಫ್‌ಐಆರ್ ಪ್ರತಿ, ನೋಟಿಸು ಬಂದಿದ್ದರೆ ಅದರ ಪ್ರತಿ, ಆಧಾರ್, ಮುಂಬೈ ವಿಳಾಸದ ಪುರಾವೆ, ಮಾಲೀಕರಿಂದ 'ಇಷ್ಟು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದಾನೆ' ಎಂಬ ಪತ್ರ, ಸಿಸಿಟಿವಿಯ ಚಿತ್ರಣ, ವೈದ್ಯಕೀಯ ಕಾಗದ ಇರಬೇಕು. ಹೋಟೆಲ್ ಹುಡುಗರಿಗೆ ವಿಳಾಸದ ಪುರಾವೆಯೇ ಕಷ್ಟ. ಆಧಾರಿನಲ್ಲಿ ಊರಿನ ವಿಳಾಸ, ಇರುವುದು ಮಾಲೀಕರು ಕೊಟ್ಟ ರೂಮಿನಲ್ಲಿ. ಆಗ ರೂಮಿನ ಬಾಡಿಗೆ ಕರಾರು ಮತ್ತು ಮಾಲೀಕರ ಪತ್ರ ಸೇರಿ ಆ ಕೊರತೆ ತುಂಬಬೇಕು. ಎರಡೂ ವಿಳಾಸವನ್ನು ಅರ್ಜಿಯಲ್ಲಿ ಬರೆಯಿರಿ, ಒಂದನ್ನು ಮುಚ್ಚಿಡಬೇಡಿ. ಹಿಂದೆ ಯಾವ ಕೋರ್ಟಿನಲ್ಲಾದರೂ ಜಾಮೀನು ಅರ್ಜಿ ಹಾಕಿದ್ದರೆ, ಹಳೆಯ ಕೇಸು ಇದ್ದರೆ ಅದನ್ನೂ ಹೇಳಬೇಕು. ಅರ್ಜಿ ಬೀಳುವುದಕ್ಕೆ ಎಷ್ಟೋ ಸಲ ಹಳೆಯ ಕೇಸಿಗಿಂತ ಅದನ್ನು ಮರೆಮಾಚಿದ್ದೇ ಕಾರಣವಾಗುತ್ತದೆ.

ಅರ್ಜಿ ಬಂದಾಗ ಕೋರ್ಟು ಸರಕಾರಿ ವಕೀಲರಿಗೆ ಉತ್ತರ ಕೊಡಲು ಹೇಳುತ್ತದೆ. ಇಲ್ಲಿನ ಕೋರ್ಟಿನ ಮಾತಲ್ಲಿ ಆ ಉತ್ತರಕ್ಕೆ 'ಸೇ' ಎನ್ನುತ್ತಾರೆ. ಸೇ ಬರಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಹಿಡಿದರೆ ಅರ್ಜಿಗೆ ಅರ್ಥವೇ ಇಲ್ಲ. ಆದ್ದರಿಂದ ಮೊದಲ ದಿನವೇ ಮಧ್ಯಂತರ ರಕ್ಷಣೆ ಕೇಳಬೇಕು. ಕೇಳಿದರೆ ಸಿಕ್ಕೇ ಸಿಗುತ್ತದೆ ಎಂದಲ್ಲ. ಆದರೆ ಕೇಳದಿದ್ದರೆ ಅರ್ಜಿ ಬಾಕಿ ಇದೆ ಎಂಬುದೊಂದೇ ಪೊಲೀಸರನ್ನು ತಡೆಯುವುದಿಲ್ಲ. ಕೆಲವೊಮ್ಮೆ ಪೊಲೀಸರು, 'ನೋಟಿಸು ಕೊಟ್ಟಿದ್ದೇವೆ, ಹಿಡಿಯುವ ಉದ್ದೇಶವಿಲ್ಲ' ಎಂದು ಹೇಳಿಬಿಡುತ್ತಾರೆ. ಆ ಮಾತನ್ನು ಕೋರ್ಟಿನ ಆದೇಶದಲ್ಲಿ ಬರೆಸಿಕೊಳ್ಳಿ. ಹಿಡಿಯುವುದಾದರೆ ಮುಂಚಿತವಾಗಿ ನೋಟಿಸು ಕೊಡಬೇಕು ಎಂದೂ ಸೇರಿಸುವಂತೆ ವಕೀಲರು ಕೇಳಲಿ.

ನಮ್ಮ ಹುಡುಗನ ಪ್ರಕರಣದಲ್ಲಿ ಆದೇಶ ಹೀಗಿರಬಹುದು: ಹಿಡಿದರೆ 25,000 ರೂಪಾಯಿಯ ಪಿ.ಆರ್. ಬಾಂಡ್, ಅಂದರೆ ಸ್ವಂತ ಮುಚ್ಚಳಿಕೆ, ಮತ್ತು ಅಷ್ಟೇ ಮೊತ್ತದ ಒಬ್ಬ ಶ್ಯೂರಿಟಿಯ ಮೇಲೆ ಬಿಡುವುದು, ಮೂರು ದಿನ ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಠಾಣೆಯಲ್ಲಿ ಹಾಜರಿರುವುದು, ದೂರುದಾರನ ತಂಟೆಗೆ ಹೋಗದಿರುವುದು, ಅಪ್ಪಣೆ ಇಲ್ಲದೆ ದೇಶ ಬಿಡದಿರುವುದು. ಈ ಆದೇಶ ಕೈಗೆ ಬಂದರೆ ಎಲ್ಲ ಮುಗಿಯಿತೆಂದು ಮನೆಯಲ್ಲಿ ಕೂರುವವರಿದ್ದಾರೆ. ಮುಗಿದಿಲ್ಲ. ಆದೇಶದ ಪ್ರತಿ ಹಿಡಿದು, ಶ್ಯೂರಿಟಿಯನ್ನು ಕರೆದುಕೊಂಡು ಠಾಣೆಗೆ ಹೋಗಬೇಕು. ಅಲ್ಲಿ ದಸ್ತಗಿರಿ ಕಾಗದದ ಮೇಲೆ ಆಗುತ್ತದೆ, ಬಾಂಡ್ ಬರೆಸಿಕೊಂಡು ಕೂಡಲೇ ಬಿಡುತ್ತಾರೆ. ಮೂರು ದಿನದ ಹಾಜರಿಯಲ್ಲಿ ಒಂದು ದಿನ ತಪ್ಪಿದರೂ ಷರತ್ತು ಮುರಿದಂತೆ.

ನಿರೀಕ್ಷಣಾ ಜಾಮೀನಿಗೆ ಸಾಮಾನ್ಯವಾಗಿ ಕಾಲಮಿತಿ ಬೇಕಿಲ್ಲ, ವಿಚಾರಣೆ ಮುಗಿಯುವವರೆಗೂ ನಡೆಯಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಹೇಳಿದೆ. ಆದರೆ ಆ ಜಾಮೀನು ಸಿಕ್ಕಿದ್ದು 118(1)ಕ್ಕೆ. ನಂತರ 118(2) ಸೇರಿದರೆ ಹೊಸ ಕಲಂಗೆ ಮತ್ತೆ ಕೋರ್ಟಿಗೆ ಹೋಗಬೇಕಾಗುತ್ತದೆ.

ಜಗಳದಲ್ಲಿ ಜಾತಿ ಹಿಡಿದು ಬೈದ ಆರೋಪವಿದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಿದ್ದರೆ ದಾರಿಯೇ ಬೇರೆ. ಆ ಕಾಯ್ದೆಯ ಕಲಂ 18 ನಿರೀಕ್ಷಣಾ ಜಾಮೀನಿಗೆ ಅಡ್ಡ ನಿಲ್ಲುತ್ತದೆ. ಮೇಲ್ನೋಟಕ್ಕೇ ಆರೋಪ ನಿಲ್ಲುವುದಿಲ್ಲ ಎನ್ನುವಂಥ ಪ್ರಕರಣಗಳಲ್ಲಿ ಮಾತ್ರ ವಿನಾಯಿತಿ.

ಹಿಡಿದೇಬಿಟ್ಟರೆ ಮೊದಲ 24 ಗಂಟೆ

ಯಾಕೆ ಹಿಡಿದಿದ್ದಾರೆಂಬ ಕಾರಣವನ್ನು ಬರಹದಲ್ಲಿ, ಹಿಡಿದವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಇದು ಮುಂಬೈಯದೇ ಒಂದು ಪ್ರಕರಣದಲ್ಲಿ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಆ ಕ್ಷಣ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ತರುವ ಎರಡು ಗಂಟೆ ಮೊದಲಾದರೂ ಬರಹ ಕೊಡಬೇಕು. ಮರಾಠಿ ಓದಲು ಬಾರದ ಬೈಂದೂರಿನ ಹುಡುಗನಿಂದ ಮರಾಠಿ ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರೆ, ರಿಮಾಂಡಿನ ಹೊತ್ತಿಗೆ ವಕೀಲರು ಎತ್ತಬೇಕಾದ ಮೊದಲ ಮಾತು ಅದೇ. ಹಿಡಿದದ್ದನ್ನು ಅವನು ಹೇಳಿದ ಒಬ್ಬರಿಗೆ ತಿಳಿಸಬೇಕು, ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಕಾಂದಿವಲಿಯದಾದರೆ ಬೋರಿವಲಿ ಕೋರ್ಟು.

ಅಲ್ಲಿ ಎರಡು ಮಾತು ಕೇಳಿಬರುತ್ತವೆ. ಪಿಸಿಆರ್ ಎಂದರೆ ಪೊಲೀಸ್ ವಶ, ಎಂಸಿಆರ್ ಎಂದರೆ ನ್ಯಾಯಾಂಗ ವಶ, ಅಂದರೆ ಜೈಲು. ಜಾಮೀನು ಅರ್ಜಿ ಸಾಮಾನ್ಯವಾಗಿ ಎಂಸಿಆರ್ ಆದ ಕೂಡಲೇ ಹಾಕುತ್ತಾರೆ. ಸಟ್ಟುಗ ಜಪ್ತಿಯಾಗಿದೆ, ಸಿಸಿಟಿವಿ ಚಿತ್ರಣ ಪೊಲೀಸರ ಕೈಗೆ ಬಂದಿದೆ, ಇನ್ನು ಇವನಿಂದ ಪಡೆಯಬೇಕಾದದ್ದು ಏನೂ ಉಳಿದಿಲ್ಲ ಎಂದು ತೋರಿಸುವುದೇ ಇಲ್ಲಿ ಗಟ್ಟಿ ವಾದ. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಸೆಷನ್ಸ್, ಆಮೇಲೆ ಹೈಕೋರ್ಟು. ವಕೀಲರಿಗೆ ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಕೇಳಬಹುದು.

ಯಾವ ಜಾಮೀನೂ ಸಿಗದೆ ಒಳಗೇ ಉಳಿದರೆ ದಿನ ಎಣಿಸಿ. 118(1)ರಂಥ ಕಲಂಗೆ ಮೊದಲ ರಿಮಾಂಡಿನಿಂದ 60 ದಿನದೊಳಗೆ ಆರೋಪಪಟ್ಟಿ ಬರಬೇಕು, 118(2)ರಂಥ ಜೀವಾವಧಿ ಶಿಕ್ಷೆಯ ಕಲಂಗೆ 90 ದಿನದೊಳಗೆ. ಬಾರದಿದ್ದರೆ ಪ್ರಕರಣದ ಒಳಿತು ಕೆಡುಕು ನೋಡದೆ ಜಾಮೀನು ಹಕ್ಕು. ಆದರೆ ಆರೋಪಪಟ್ಟಿ ಕೋರ್ಟಿಗೆ ಬರುವ ಮೊದಲೇ ಅರ್ಜಿ ಹಾಕಿ ಕೇಳಿರಬೇಕು. ಅರ್ಜಿಗೆ ಮೊದಲು ಆರೋಪಪಟ್ಟಿ ಬಂದುಬಿಟ್ಟರೆ ಆ ಹಕ್ಕು ಕೈಬಿಟ್ಟುಹೋಗುತ್ತದೆ.

ಶ್ಯೂರಿಟಿ: ನಮ್ಮವರು ಸಿಕ್ಕಿಬೀಳುವ ಜಾಗ

ಜಾಮೀನು ಆದೇಶ ಆಗಿಯೂ ಜೈಲಿನಲ್ಲೇ ಉಳಿಯುವವರಿದ್ದಾರೆ. ಕಾರಣ, 'ಸ್ಥಳೀಯ ಶ್ಯೂರಿಟಿ' ಎಂಬ ಷರತ್ತು. ಬೈಂದೂರಿನ ಹುಡುಗನಿಗೆ ಮುಂಬೈಯಲ್ಲಿ ಮನೆ ಪತ್ರ ಇರುವ ನೆಂಟರು ಎಲ್ಲಿಂದ ಬರಬೇಕು? 1978ರಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಪ್ರಕರಣದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವನ ತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಶ್ಯೂರಿಟಿಯನ್ನು ನಿರಾಕರಿಸಿದ್ದರು. ದೂರದ ಊರಲ್ಲಿ ಹಿಡಿದರೆ ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗ ಅಲ್ಲಿ ಆಸ್ತಿಯುಳ್ಳ ಶ್ಯೂರಿಟಿಯನ್ನು ಎಲ್ಲಿಂದ ತಂದಾನು ಎಂದು ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದರು. ಹೊರ ಜಿಲ್ಲೆಯವನೆಂಬ ಒಂದೇ ಕಾರಣಕ್ಕೆ ಶ್ಯೂರಿಟಿಯನ್ನು ತಳ್ಳುವುದು ತಪ್ಪು ಎಂದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ, ಸ್ಥಳೀಯ ಶ್ಯೂರಿಟಿಯ ಒತ್ತಾಯವೇ ಬಿಡುಗಡೆ ತಡವಾಗಲು ಒಂದು ಕಾರಣ, ಆ ಷರತ್ತು ಹಾಕದಿರುವುದು ಒಳ್ಳೆಯದು ಎಂದು ಹೇಳಿತು. ಜಾಮೀನಾಗಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು ಎಂದೂ ಹೇಳಿತು.

ವ್ಯವಹಾರದಲ್ಲಿ ಮಾಡಬೇಕಾದದ್ದು ಹೀಗೆ. ಜಾಮೀನು ವಾದದ ದಿನವೇ ವಕೀಲರು ತಾತ್ಕಾಲಿಕ ನಗದು ಜಾಮೀನು ಕೇಳಲಿ. ಒಪ್ಪಿದರೆ ಆ ದಿನ 25,000 ರೂಪಾಯಿ ಕೋರ್ಟಿನಲ್ಲಿ ಕಟ್ಟಿ ಹುಡುಗನನ್ನು ಬಿಡಿಸಿ, ಆದೇಶದಲ್ಲಿ ಹೇಳಿದ ವಾರಗಳೊಳಗೆ ಶ್ಯೂರಿಟಿ ಕೊಡಬಹುದು. ಆ ಗಡುವು ಮರೆಯುವವರು ಬಹಳ. ಗಡುವು ದಾಟಿದರೆ ವಾರಂಟ್ ಬರಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಶ್ಯೂರಿಟಿಯಾಗಿ ಹೋಟೆಲ್ ಮಾಲೀಕರೋ, ಸಂಬಳದ ಕೆಲಸದಲ್ಲಿರುವ ನೆಂಟರೋ ಬಂದರೆ ಒಳ್ಳೆಯದು. ರೇಷನ್ ಕಾರ್ಡ್, ಆಧಾರ್, ಪ್ಯಾನ್, ಮೂರು ತಿಂಗಳ ಸಂಬಳ ಚೀಟಿ ಅಥವಾ ಮನೆಯ ಕಾಗದ ಮತ್ತು ತೆರಿಗೆ ರಸೀದಿ, ಫೋಟೊ, ಎಲ್ಲದರ ಮೂಲ ಪ್ರತಿ ಜೊತೆಗಿರಲಿ. ಕೆಲವು ಕೋರ್ಟುಗಳು ತಹಶೀಲ್ದಾರರ ಸಾಲ್ವೆನ್ಸಿ ಪ್ರಮಾಣಪತ್ರ, ಅಂದರೆ ಅಷ್ಟು ಮೊತ್ತಕ್ಕೆ ಹೊಣೆ ನಿಲ್ಲುವ ಆಸ್ತಿ ಇದೆ ಎಂಬ ಕಾಗದ, ಕೇಳುತ್ತವೆ. ಅದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಅರ್ಜಿ ಹಾಕುವ ದಿನವೇ ಶುರು ಮಾಡಿ. ಈ ಹಿಂದೆ ಎಷ್ಟು ಜನಕ್ಕೆ ಶ್ಯೂರಿಟಿ ನಿಂತಿದ್ದೇನೆ ಎಂದು ಅವರು ಬರೆದುಕೊಡಬೇಕು.

ಶ್ಯೂರಿಟಿ ನಿಲ್ಲುವವರಿಗೂ ಒಂದು ಮಾತು ಮೊದಲೇ ಸ್ಪಷ್ಟವಾಗಿ ಹೇಳಿ. ಹುಡುಗ ತಾರೀಕಿಗೆ ಬಾರದಿದ್ದರೆ ಬಾಂಡಿನ ಹಣ ಅವರಿಂದ ವಸೂಲಾಗುತ್ತದೆ. ಬೇಡವೆನಿಸಿದರೆ ಶ್ಯೂರಿಟಿಯಿಂದ ಬಿಡುಗಡೆ ಕೇಳಿ ಕೋರ್ಟಿಗೆ ಅರ್ಜಿ ಕೊಡಬಹುದು. ಕೋರ್ಟಿನ ಆವರಣದಲ್ಲಿ ಇಷ್ಟು ಸಾವಿರಕ್ಕೆ ಶ್ಯೂರಿಟಿ ತರುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ಆ ರೇಷನ್ ಕಾರ್ಡ್ ಸುಳ್ಳೆಂದು ತಿಳಿದ ದಿನ ಜಾಮೀನು ಹೋಗುತ್ತದೆ, ಹೊಸ ಕ್ರಿಮಿನಲ್ ಕೇಸು ಸೇರುತ್ತದೆ.

ಹುಡುಗ ಆರ್ಥರ್ ರೋಡ್ ಜೈಲಿನಲ್ಲಿದ್ದರೆ ಕೋರ್ಟಿನ ಬಿಡುಗಡೆ ಆದೇಶ ಸಂಜೆಯ ಹೊತ್ತಿಗೆ ಜೈಲಿಗೆ ತಲುಪಬೇಕು. ತಡವಾದರೆ ಬಿಡುಗಡೆ ಮರುದಿನಕ್ಕೆ ಹೋಗುತ್ತದೆ. ಶುಕ್ರವಾರ ಆದೇಶವಾದರೆ ಅದೇ ದಿನ ಬೆನ್ನುಹತ್ತಿ.

ಹೊರಬಂದ ಮೇಲೆ

ಪ್ರತಿ ತಾರೀಕಿಗೆ ಹಾಜರಾಗಬೇಕು. ಬರಲಾಗದ ದಿನ ವಕೀಲರು ವಿನಾಯಿತಿ ಅರ್ಜಿ ಹಾಕಬೇಕು. ಹಾಕದಿದ್ದರೆ ವಾರಂಟ್ ಬರುತ್ತದೆ, ಆಮೇಲೆ ಜಾಮೀನುರಹಿತ ವಾರಂಟ್. ಜಾಮೀನಿನ ಮೇಲಿದ್ದವನು ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ಬಿಎನ್‌ಎಸ್ 269ರ ಪ್ರಕಾರ ಅದೇ ಒಂದು ಬೇರೆ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ. ಆದೇಶದಲ್ಲಿ 'ಅಪ್ಪಣೆಯಿಲ್ಲದೆ ಮುಂಬೈ ಬಿಡಬಾರದು' ಎಂದಿದ್ದರೆ ಊರ ಕೋಲ, ಮದುವೆ, ತೀರಿಕೊಂಡವರ ಕ್ರಿಯೆ ಯಾವುದಕ್ಕೂ ಸುಮ್ಮನೆ ಹೊರಡುವಂತಿಲ್ಲ. ಹೋಗುವ ಮತ್ತು ಬರುವ ದಿನದ ಟಿಕೆಟ್, ಊರಿನ ವಿಳಾಸ, ಅಲ್ಲಿನ ಫೋನ್ ಸಂಖ್ಯೆ ಸೇರಿಸಿ ಎರಡು ವಾರ ಮೊದಲೇ ಅರ್ಜಿ ಹಾಕಿ. ಬಂದ ಮೇಲೆ ಮರಳಿದ್ದೇನೆಂದು ಕೋರ್ಟಿಗೂ ಠಾಣೆಗೂ ತಿಳಿಸಿ. ಹಾಗೆ ಒಂದು ಸಲ ಹೋಗಿ ಬಂದವನಿಗೆ ಎರಡನೇ ಸಲದ ಅಪ್ಪಣೆ ಸುಲಭವಾಗುತ್ತದೆ.

ತರಕಾರಿಯವನು ಮತ್ತೆ ಹೋಟೆಲಿಗೆ ಬಂದು ಮಾತಿಗೆ ಎಳೆದರೂ ಹುಡುಗ ಒಂದು ಮಾತೂ ಆಡಬಾರದು. ರಾಜಿ ಆಗುವುದಾದರೆ ಇಬ್ಬರ ವಕೀಲರ ಮೂಲಕ ಆಗಲಿ, ಅಡುಗೆಮನೆಯಲ್ಲಿ ಬೇಡ. ಹುಡುಗ ನೇರವಾಗಿ ಮಾತಾಡಿದ್ದನ್ನೇ ಸಾಕ್ಷಿಗೆ ಬೆದರಿಕೆ ಎಂದು ಬರೆಸಿ ಜಾಮೀನು ರದ್ದಿಗೆ ಅರ್ಜಿ ಹಾಕಬಹುದು.

ಕೋರ್ಟಿನಲ್ಲಿ ಕಟ್ಟಿದ ನಗದಿನ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಲ್ಲಾದ ಕೀಲಿಯ ಪೆಟ್ಟಿಗೆಯಲ್ಲಿಡಿ, ಹುಡುಗನ ಕೈಯಲ್ಲಿ ಬೇಡ. ಶ್ಯೂರಿಟಿ ಕೊಟ್ಟ ಮೇಲೆ, ಇಲ್ಲವೇ ಕೇಸು ಮುಗಿದ ಮೇಲೆ, ಅರ್ಜಿ ಹಾಕಿದರೆ ಆ ಹಣ ಕಟ್ಟಿದವರಿಗೆ ಮರಳುತ್ತದೆ. ಕೇಳಲು ಹೋದಾಗ ಮೊದಲು ಕೇಳುವುದೇ ಆ ರಸೀದಿಯನ್ನು.